ಮೇನ್ ಕ್ಯಾರೆಕ್ಟರ್ ಎನರ್ಜಿ ಅಂದರೆ ಹೊಗಳಿಕೆಯಾ, ಕುಟುಕಾ? ಒಂದೇ ಚಾಟ್‌ನಲ್ಲಿ ಡೆಲುಲು, ರೆಂಟ್ ಫ್ರೀ ಕೂಡ ಇದೆ

ಸಂಜೆಮಲ್ಲಿಗೆ

ಆಫೀಸಿನಲ್ಲಿ ನನ್ನ ತಂಡದವರೆಲ್ಲ ನನಗಿಂತ ತುಂಬಾ ಚಿಕ್ಕವರು. ಕೆಲಸದಲ್ಲಿ ಜಾಣರು. ಆದರೆ ಅವರ ಚಾಟ್ ಓದಿದರೆ ನನಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ.

ನಿನ್ನೆ ಒಂದು ಮೀಟಿಂಗ್ ಇತ್ತು. ಬೇರೆ ವಿಭಾಗದ ಹಿರಿಯರೊಬ್ಬರು ನಮ್ಮ ಹುಡುಗರು ಮಾಡಿದ ಕೆಲಸವನ್ನು ತಾವೇ ಮಾಡಿದ ಹಾಗೆ ಹೇಳತೊಡಗಿದರು. ನಾನು ತಡೆದೆ. "ಸರ್, ಇದನ್ನು ಮಾಡಿದವರು ಇಲ್ಲೇ ಕೂತಿದ್ದಾರೆ, ಅವರೇ ಹೇಳಲಿ" ಎಂದೆ. ಎಲ್ಲರೂ ತೆಪ್ಪಗಾದರು. ಸಂಜೆ ತಂಡದ ಗ್ರೂಪಿನಲ್ಲಿ ಹೀಗೆ ಬಂತು:

> ಹುಡುಗಿ: ಮೇಡಂ ಇವತ್ತು ಫುಲ್ ಮೇನ್ ಕ್ಯಾರೆಕ್ಟರ್ ಎನರ್ಜಿ 😭😭
> ಹುಡುಗ: "ಅವರೇ ಹೇಳಲಿ" ಅಂದಿದ್ದು ನನ್ ತಲೇಲಿ ರೆಂಟ್ ಫ್ರೀ ಕೂತಿದೆ
> ಇನ್ನೊಬ್ಬ: ಅವರ ಮುಖ ನೋಡ್ಬೇಕಿತ್ತು 💀
> ಹುಡುಗಿ: ಈ ಖುಷೀಲಿ ಶುಕ್ರವಾರ ರಜೆ ಸಿಗುತ್ತೆ ಅಂದ್ಕೊಂಡಿದೀನಿ. ನಾನು ಡೆಲುಲು
> ಹುಡುಗ: ಡೆಲುಲು ಈಸ್ ದ ಸೊಲುಲು

ನಾಯಕಿ ಥರ ಮೆರೆದೆ ಅಂತ ಆಡಿಕೊಳ್ಳುತ್ತಿದ್ದಾರಾ? ಅಳುವ ಮುಖ ಬೇರೆ ಹಾಕಿದ್ದಾಳೆ. ನಾನಿನ್ನೂ ಏನೂ ಉತ್ತರ ಕೊಟ್ಟಿಲ್ಲ. ತಿಳಿದವರು ಸಾಲು ಸಾಲಾಗಿ ಬಿಡಿಸಿ ಹೇಳಿದರೆ ಉಪಕಾರ.

---

ಬಾಡಿಗೆದಾರ

ರೆಂಟ್ ಫ್ರೀ ಇರೋಕೆ ಬಿಡುವ ಓನರ್ ಯಾರು ಸ್ವಾಮಿ? ನಮ್ಮ ಓನರ್ ಮನೆ ಖಾಲಿ ಮಾಡಿದ ಮೇಲೂ ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ. ಕರಾರು ಪತ್ರ ಇದೆ. ಏನು ಮಾಡಬಹುದು ಅಂತ ಯಾರಾದರೂ ಹೇಳಿ.

---

ಲಾಸ್ಟ್‌ಬೆಂಚ್

@ಬಾಡಿಗೆದಾರ ಅಣ್ಣಾ, ಇದು ಆ ಬಾಡಿಗೆ ಅಲ್ಲ 😭

ಮೇಡಂ, ಅದು ಹೊಗಳಿಕೆ. ಮುಗೀತು. ಇಷ್ಟು ಯೋಚನೆ ಮಾಡಬೇಡಿ.

---

ಮೇಷ್ಟ್ರು_ನಿವೃತ್ತ

ಅಷ್ಟು ಸುಲಭವಾಗಿ ಮುಗಿಸಬೇಡಿ. ಮೇನ್ ಕ್ಯಾರೆಕ್ಟರ್ ಎಂಬುದು ಬೈಗುಳ ಅಂತಲೇ ನಾನು ಕೇಳಿದ್ದೇನೆ. ನನ್ನ ಮೊಮ್ಮಗಳು ತನ್ನ ಗೆಳತಿಯ ಬಗ್ಗೆ ಸಿಟ್ಟಿನಲ್ಲಿ ಹೇಳುತ್ತಿದ್ದಳು: "ಅವಳಿಗೆ ಮೇನ್ ಕ್ಯಾರೆಕ್ಟರ್ ಸಿಂಡ್ರೋಮ್, ಎಲ್ಲಾ ಅವಳ ಸುತ್ತಲೇ ತಿರುಗಬೇಕು." ಅಂದರೆ ತಾನೊಬ್ಬಳೇ ಕಥೆಯ ನಾಯಕಿ, ಉಳಿದವರೆಲ್ಲ ಹಿಂದೆ ನಿಲ್ಲುವವರು ಎಂಬ ಜಂಬ. ಹಾಗಾಗಿ ಸಂಜೆಮಲ್ಲಿಗೆ ಅವರ ಅನುಮಾನದಲ್ಲಿ ಹುರುಳಿದೆ. ಅಳುವ ಮುಖ ಹಾಕಿರುವುದೂ ಬೇಸರಕ್ಕೇ ಇರಬೇಕು.

---

ನಿದ್ದೆಗೇಡಿ

ಮೇಷ್ಟ್ರೇ, ನೀವು ಕೇಳಿದ್ದು ಸರಿ. ಆದರೆ ನಿಮ್ಮ ಮೊಮ್ಮಗಳು ಹೇಳಿದ್ದು *ಸಿಂಡ್ರೋಮ್*. ಇಲ್ಲಿರುವುದು *ಎನರ್ಜಿ*. ಬಾಲ ಬದಲಾದರೆ ಮಾತೇ ಬದಲಾಗುತ್ತದೆ. ನಾನು ಹತ್ತಾರು ವರ್ಷ ಕೆ-ಪಾಪ್ ಅಭಿಮಾನಿಗಳ ಗುಂಪುಗಳಲ್ಲಿ ಬಿದ್ದು ಒದ್ದಾಡಿದವಳು. ಅಲ್ಲಿ ಈ ಮಾತುಗಳು ಹುಟ್ಟಿದ್ದನ್ನೂ ಹಳಸಿದ್ದನ್ನೂ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇಂಥ ಮಾತುಗಳನ್ನು ಓದುವಾಗ ಅರ್ಥಕ್ಕಿಂತ ಮೊದಲು ಒಂದು ವಿಷಯ ನೋಡಬೇಕು. ಅದನ್ನು ಯಾರು, ಯಾರ ಮೇಲೆ ಹಾಕಿದ್ದಾರೆ? ತನ್ನ ಮೇಲೆ ಹಾಕಿಕೊಂಡಿದ್ದಾರಾ, ಎದುರಿಗಿರುವವರ ಮೇಲಾ, ಅಲ್ಲಿ ಇಲ್ಲದವರ ಮೇಲಾ? ಮೂರೂ ಕಡೆ ಒಂದೇ ಮಾತು ಬೇರೆ ಬೇರೆ ಕೆಲಸ ಮಾಡುತ್ತದೆ.

ಮೇನ್ ಕ್ಯಾರೆಕ್ಟರ್‌ನಿಂದ ಶುರು ಮಾಡೋಣ. 2020ರಲ್ಲಿ ಎಲ್ಲರೂ ಮನೆಯಲ್ಲೇ ಕೂತಿದ್ದಾಗ ಟಿಕ್‌ಟಾಕ್‌ನಲ್ಲಿ ಒಂದು ಧ್ವನಿ ತುಂಬಾ ಓಡಾಡಿತು. ನಿನ್ನ ಬದುಕನ್ನು ಸಿನಿಮಾದ ಹಾಗೆ ನೋಡು, ನೀನೇ ಅದರ ಮುಖ್ಯ ಪಾತ್ರ ಅಂದುಕೋ ಅಂತ. ಜನ ಕಿಟಕಿ ಪಕ್ಕ ಕೂತಿದ್ದಕ್ಕೆ, ಮಳೆಯಲ್ಲಿ ನಡೆದಿದ್ದಕ್ಕೆ ಎಲ್ಲಾ ಆ ಧ್ವನಿ ಜೋಡಿಸಿ ವಿಡಿಯೋ ಹಾಕಿದರು. ಅಲ್ಲಿಂದ "ಎನರ್ಜಿ" ಸೇರಿ ಹೊಗಳುವ ಮಾತಾಯಿತು. ಒಬ್ಬರು ಹಿಂಜರಿಯದೆ ಎದ್ದು ನಿಂತರೆ, ಎಲ್ಲರ ಕಣ್ಣು ತಾನಾಗಿಯೇ ಅವರ ಮೇಲೆ ಹೋದರೆ, ಹೀಗೆ ಹೇಳುತ್ತಾರೆ:

> ಒಬ್ಬಳೇ ಹೋಗಿ ಆ ಸ್ಟೇಜ್ ಮೇಲೆ ಹಾಡಿ ಬಂದ್ಯಾ? ಮೇನ್ ಕ್ಯಾರೆಕ್ಟರ್ ಎನರ್ಜಿ ಕಣೇ

"ಸಿಂಡ್ರೋಮ್" ಬಂದರೆ ಮೇಷ್ಟ್ರು ಹೇಳಿದ ಜಂಬದ ಅರ್ಥ. ಅದನ್ನು ಸಾಮಾನ್ಯವಾಗಿ ಬೆನ್ನ ಹಿಂದೆ ಹೇಳುತ್ತಾರೆ, ಎದುರಿಗಲ್ಲ:

> ಅವನ ಬರ್ತ್‌ಡೇ ಅಲ್ಲ, ಅವನ ತಂಗೀದು. ಆದ್ರೂ ಎಲ್ಲಾ ಫೋಟೋದಲ್ಲೂ ಮಧ್ಯ ಅವನೇ. ಏನ್ ಮೇನ್ ಕ್ಯಾರೆಕ್ಟರ್ ಸಿಂಡ್ರೋಮೋ

ಮೂರನೆಯದು ಇನ್ನೂ ಬೇರೆ. "ಇವತ್ತಿನ ಮೇನ್ ಕ್ಯಾರೆಕ್ಟರ್" ಅಂತ ಟ್ವಿಟರ್‌ನಲ್ಲಿ ಹೇಳಿದರೆ, ಆ ದಿನ ಊರೆಲ್ಲ ಸೇರಿ ಯಾರನ್ನು ಬೈಯುತ್ತಿದೆಯೋ ಅವರು. ದಿನಕ್ಕೊಬ್ಬರು ಮೇನ್ ಕ್ಯಾರೆಕ್ಟರ್ ಇರುತ್ತಾರೆ, ಆ ಒಬ್ಬರು ನೀವಾಗದಂತೆ ನೋಡಿಕೊಳ್ಳುವುದೇ ಆಟ ಎಂಬ ಅರ್ಥದ ಟ್ವೀಟ್ 2019ರಲ್ಲಿ ಬಂದು ಈ ಬಳಕೆ ಹಬ್ಬಿತು. ಇಲ್ಲಿ ಹೊಗಳಿಕೆ ಒಂದು ಚೂರೂ ಇಲ್ಲ.

ನಿಮಗೆ ಬಂದಿರುವುದು ಮೊದಲನೆಯದು. ನಿಮ್ಮ ಎದುರಿಗೇ, ನೀವಿರುವ ಗ್ರೂಪಿನಲ್ಲೇ, ನೀವು ಅವರ ಪರ ನಿಂತ ದಿನವೇ ಬರೆದಿದ್ದಾಳೆ. ಅಳುವ ಮುಖದ ಬಗ್ಗೆ ಯೋಚನೆ ಬೇಡ. ಚಿಕ್ಕವರ ಚಾಟ್‌ನಲ್ಲಿ 😭 ಅಂದರೆ ತಡೆಯಲಾಗದಷ್ಟು ನಗು ಅಥವಾ ಖುಷಿ. 💀 ಅಂದರೆ ನಕ್ಕು ಸತ್ತೆ ಅಂತ. ನಮ್ಮ ವಯಸ್ಸಿನವರು ನಗೋಕೆ ಹಾಕುವ 😂 ಈಗ ಅವರಿಗೆ ದೊಡ್ಡವರ ಗುರುತು.

---

ಮೇಷ್ಟ್ರು_ನಿವೃತ್ತ

ಒಪ್ಪಿದೆ. ಆದರೆ ಒಂದು ಪ್ರಶ್ನೆ. ಅದೇ "ಎನರ್ಜಿ" ಮಾತನ್ನೇ ಕೊಂಕಾಗಿ ಹೇಳಬಹುದಲ್ಲ? "ಭಾರೀ ಚೆನ್ನಾಗಿ ಮಾತಾಡಿದಿರಿ" ಎಂಬುದನ್ನು ಹೊಗಳಿಕೆಯಾಗಿಯೂ ಹೇಳಬಹುದು, ಚುಚ್ಚಲೂ ಹೇಳಬಹುದು.

---

ನಿದ್ದೆಗೇಡಿ

ಹೇಳಬಹುದು. ಅದಕ್ಕೇ ಒಂದೇ ಸಾಲು ಓದಿ ತೀರ್ಮಾನಿಸಬಾರದು. ಕೊಂಕಿನಲ್ಲಿ ಹೇಳಿದ್ದರೆ ಹಿಂದೆಮುಂದೆ ಎಲ್ಲೋ ದೂರು ಇರುತ್ತದೆ. ಉದಾಹರಣೆಗೆ:

> ನಾವು ಮೂರು ಜನ ಮಾತಾಡೋಕಿತ್ತು. ಎಲ್ಲಾ ನೀನೇ ಮಾತಾಡ್ಬಿಟ್ಟೆ. ಮೇನ್ ಕ್ಯಾರೆಕ್ಟರ್ ಎನರ್ಜಿ 🙂

ಇಲ್ಲಿ ಅವರ ಸರದಿ ತಪ್ಪಿದೆ, ಕೊನೆಗೆ ಆ ತಣ್ಣನೆಯ ನಗೆಮುಖ. 😭ಗಿಂತ ಈ 🙂 ನೋಡಿದರೆ ಹೆದರಬೇಕು. ಸಂಜೆಮಲ್ಲಿಗೆ ಅವರ ಚಾಟ್‌ನಲ್ಲಿ ದೂರು ಇರುವುದು ಆ ಹಿರಿಯರ ಮೇಲೆ. "ಅವರ ಮುಖ ನೋಡ್ಬೇಕಿತ್ತು" ಅಂತ ಪಕ್ಕದಲ್ಲೇ ಇದೆಯಲ್ಲ.

---

ದೊಡ್ಡಣ್ಣ

ರೆಂಟ್ ಫ್ರೀ ಬಗ್ಗೆ ಸ್ವಲ್ಪ ಹೇಳಿ ಅಕ್ಕಾ. ನನ್ನ ತಮ್ಮನ ಕಥೆ ಇದೆ. ಅವನಿಗೆ ಒಬ್ಬ ಹುಡುಗಿ ಇಷ್ಟ. ಯಾವಾಗಲೂ ಅವಳದೇ ಯೋಚನೆ ಅಂತ ಹೇಳಬೇಕಿತ್ತು. ಸ್ಟೈಲಾಗಿ ಹೇಳೋಣ ಅಂತ ಹೀಗೆ ಕಳಿಸಿದ್ದಾನೆ:

> ತಮ್ಮ: ಗೊತ್ತಾ, ನಾನು ನಿನ್ ತಲೇಲಿ ರೆಂಟ್ ಫ್ರೀ ಇದೀನಿ 😊
> ಅವಳು: ಓ ಹೌದಾ? ಒಳ್ಳೇದು

ಆಮೇಲೆ ಮೂರು ದಿನ ಮಾತಿಲ್ಲ. ಅವನಿಗೆ ಏನಾಯಿತು ಅಂತಲೇ ಗೊತ್ತಾಗಿಲ್ಲ. ನನಗೂ ಪೂರ್ತಿ ಗೊತ್ತಾಗಲಿಲ್ಲ.

---

ಲಾಸ್ಟ್‌ಬೆಂಚ್

ಅಯ್ಯೋ 💀💀💀 ತಮ್ಮ ಮನೆ ಅದಲು ಬದಲು ಮಾಡಿಬಿಟ್ಟ

---

ನಿದ್ದೆಗೇಡಿ

ನಕ್ಕು ನಕ್ಕು ಸಾಕಾಯಿತು, ಪಾಪ.

ಈ ಮಾತಿನಲ್ಲಿ ಯಾವಾಗಲೂ ಇಬ್ಬರು ಇರುತ್ತಾರೆ. ಒಬ್ಬರ ತಲೆ, ಅದರೊಳಗೆ ಕೂತ ಇನ್ನೊಬ್ಬರು. ಬಾಡಿಗೆ ಕೊಡದೆ ಕೂತವರಿಗೆ ಏನೂ ನಷ್ಟವಿಲ್ಲ. ಸೋತವರು ತಲೆಯ ಯಜಮಾನರು, ಬೇಡವೆಂದರೂ ಎಬ್ಬಿಸಲಾಗದವರು. ನಿಮ್ಮ ತಮ್ಮ ಬರೆದಿದ್ದಕ್ಕೆ ಅರ್ಥ, "ನೀನು ನನ್ನನ್ನೇ ನೆನೆಸಿಕೊಂಡು ಕೂತಿದ್ದೀಯ, ನನಗೇನೂ ಇಲ್ಲ" ಅಂತ. ಇದು ಜಗಳದಲ್ಲಿ ಹೇಳುವ ಮಾತು. ಉದಾಹರಣೆಗೆ ಇಬ್ಬರು ಗೆಳತಿಯರು ಮಾತು ಬಿಟ್ಟಿದ್ದಾರೆ ಅಂದುಕೊಳ್ಳಿ:

> ಒಬ್ಬಳು: ಅವಳು ಮತ್ತೆ ನನ್ ಬಗ್ಗೆನೇ ಸ್ಟೇಟಸ್ ಹಾಕಿದಾಳೆ
> ಇನ್ನೊಬ್ಬಳು: ಬಿಡು, ಅವಳ ತಲೇಲಿ ನೀನು ರೆಂಟ್ ಫ್ರೀ

ಇಲ್ಲಿ ಸೋತವಳು ಸ್ಟೇಟಸ್ ಹಾಕಿದವಳು. ತಮ್ಮನಿಗೆ ಬೇಕಿದ್ದುದು ಇದರ ತಿರುಗುಮುರುಗು: "ನೀನು ನನ್ ತಲೇಲಿ ರೆಂಟ್ ಫ್ರೀ." ನನ್ನ ಅಭಿಪ್ರಾಯ ಕೇಳಿದರೆ ಅದನ್ನೂ ಹುಡುಗಿಗೆ ಕಳಿಸುವುದು ಬೇಡ. ಇದು ಹುಟ್ಟಿದ್ದೇ ಕಹಿಯಲ್ಲಿ. ಯಾರ ಮೇಲಾದರೂ ದ್ವೇಷ ಇಟ್ಟುಕೊಳ್ಳುವುದೆಂದರೆ ಅವರನ್ನು ಬಾಡಿಗೆಯಿಲ್ಲದೆ ತಲೆಯಲ್ಲಿ ಇಟ್ಟುಕೊಂಡ ಹಾಗೆ ಎಂಬ ಮಾತು ಅಮೆರಿಕದಲ್ಲಿ ಈ ಚಾಟ್‌ಗಳಿಗಿಂತ ಎಷ್ಟೋ ಹಿಂದಿನಿಂದ ಇದೆ. ಪತ್ರಿಕೆಯಲ್ಲಿ ಓದುಗರಿಗೆ ಸಲಹೆ ಬರೆಯುತ್ತಿದ್ದ ಆ್ಯನ್ ಲ್ಯಾಂಡರ್ಸ್ ಹೆಸರಿನಲ್ಲಿ ಅದು ಓಡಾಡುತ್ತದೆ. ಮನಸ್ಸಿಗೆ ಹಿಡಿಸಿದ್ದಕ್ಕೂ ಇದನ್ನು ಬಳಸುವುದು ಹೆಚ್ಚಾಗಿದ್ದು 2020ರ ಸುಮಾರಿಗೆ. ಒಂದು ವಿಡಿಯೋ ತುಣುಕು, ಯಾರೋ ಹೇಳಿದ ಸಾಲು, ಬೆಕ್ಕು ಜಾರಿ ಬಿದ್ದ ದೃಶ್ಯ, ಹೀಗೆ ತಲೆಯಿಂದ ಹೋಗದ ಎಲ್ಲಕ್ಕೂ ಈಗ ಇದೇ ಮಾತು.

ಒಂದು ಸುಲಭದ ಗುರುತು ಇದೆ. ಒಳಗೆ ಕೂತಿರುವುದು ವಸ್ತುವೋ ಮಾತೋ ದೃಶ್ಯವೋ ಆಗಿದ್ದರೆ ಹೆಚ್ಚಿನ ಪಾಲು ಪ್ರೀತಿ, ತಮಾಷೆ. ಒಬ್ಬ ಮನುಷ್ಯ ಕೂತಿದ್ದರೆ ಸ್ವಲ್ಪ ನಿಂತು ಓದಿ. ಸಂಜೆಮಲ್ಲಿಗೆ, ನಿಮ್ಮ ಹುಡುಗನ ತಲೆಯಲ್ಲಿ ಕೂತಿರುವುದು ನಿಮ್ಮ ಮಾತು. ಅದನ್ನು ಅವನು ಉದ್ಧರಣೆ ಹಾಕಿ ಬರೆದಿದ್ದಾನೆ. ಅವನಿಗೆ ಅದು ತುಂಬಾ ಹಿಡಿಸಿದೆ.

---

ದೊಡ್ಡಣ್ಣ

ಹಾಗಾದರೆ ತಮ್ಮ ಈಗ ಅವಳಿಗೆ ಏನು ಹೇಳಬೇಕು?

---

ಕಿಟಕಿ_ಪಕ್ಕದವಳು

"ನಿನ್ನ ಬಗ್ಗೆ ತುಂಬಾ ಯೋಚನೆ ಬರುತ್ತೆ, ಅದನ್ನು ಉಲ್ಟಾ ಬರೆದುಬಿಟ್ಟೆ" ಅಂತ ಹೇಳಲಿ. ಸುಮ್ನೆ ಸ್ಟೈಲ್ ಮಾಡಲು ಹೋಗಬಾರದು.

---

ಮೇಷ್ಟ್ರು_ನಿವೃತ್ತ

ಇನ್ನು ಡೆಲುಲು. ಇದರ ಬಗ್ಗೆ ನನಗೆ ನಿಜವಾಗಿಯೂ ತಕರಾರಿದೆ. ಇದು ಬಂದಿದ್ದು ಡೆಲ್ಯೂಷನ್, ಅಂದರೆ ಭ್ರಮೆ ಎಂಬುದರಿಂದ. ಅದು ಮನೋವೈದ್ಯರು ಬಳಸುವ ಪದ. ಮನೆಯವರು ಯಾರಾದರೂ ಆ ಸ್ಥಿತಿಯಲ್ಲಿದ್ದರೆ ಎಷ್ಟು ಕಷ್ಟ ಎಂಬುದು ನೋಡಿದವರಿಗೇ ಗೊತ್ತು. ಅದನ್ನು ಹೀಗೆ ಮುದ್ದು ಮುದ್ದಾಗಿ ಮಾಡಿ ರಜೆಗೂ ಪ್ರೇಮಕ್ಕೂ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಆ ಹುಡುಗಿ ತನಗೆ ತಾನೇ ಹುಚ್ಚಿ ಎಂದು ಹೇಳಿಕೊಂಡಂತಾಯಿತು.

---

ನಿದ್ದೆಗೇಡಿ

ತಕರಾರಿನ ಮೊದಲರ್ಧ ಒಪ್ಪುತ್ತೇನೆ. ಕೊನೆಯ ಸಾಲು ಒಪ್ಪುವುದಿಲ್ಲ.

ಕಾಯಿಲೆಯಲ್ಲಿ ಆ ನಂಬಿಕೆ ಸುಳ್ಳೆಂದು ಆ ವ್ಯಕ್ತಿಗೆ ಗೊತ್ತಿರುವುದಿಲ್ಲ. ಎಷ್ಟು ಸಾಕ್ಷಿ ತಂದಿಟ್ಟರೂ ನಂಬಿಕೆ ಅಲ್ಲಾಡುವುದಿಲ್ಲ. "ನಾನು ಡೆಲುಲು" ಎನ್ನುವವರಿಗೆ ಇದು ಆಗುವ ಮಾತಲ್ಲ ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆಸೆ ಪಡುತ್ತಿದ್ದೇನೆ, ನಗಬೇಡಿ, ನಾನೇ ಮೊದಲು ನಗುತ್ತಿದ್ದೇನೆ ಎಂಬ ಸುಳಿವು ಅದರಲ್ಲಿದೆ.

ಆದರೆ ಶುರುವಿನಲ್ಲಿ ಹೀಗಿರಲಿಲ್ಲ. 2010ರ ದಶಕದ ಮೊದಲ ಭಾಗದಲ್ಲಿ ಇದು ಕೆ-ಪಾಪ್ ಅಭಿಮಾನಿಗಳ ನಡುವಿನ ಚುಚ್ಚುಮಾತು. ನೆಚ್ಚಿನ ಗಾಯಕ ಒಂದು ದಿನ ತನ್ನನ್ನೇ ಮದುವೆಯಾಗುತ್ತಾನೆ, ವೇದಿಕೆಯಿಂದ ತನ್ನನ್ನೇ ನೋಡಿದ ಎಂದು ನಿಜವಾಗಿ ವಾದ ಮಾಡುವವರನ್ನು ಉಳಿದ ಅಭಿಮಾನಿಗಳು ಹೀಗೆ ಕರೆಯುತ್ತಿದ್ದರು. ಆಗ ಯಾರೂ ತಮ್ಮನ್ನು ತಾವು ಡೆಲುಲು ಅಂದುಕೊಳ್ಳುತ್ತಿರಲಿಲ್ಲ. ಅದು ಬೇರೆಯವರ ಹಣೆಗೆ ಅಂಟಿಸುವ ಚೀಟಿ. 2022, 2023ರ ಹೊತ್ತಿಗೆ ಟಿಕ್‌ಟಾಕ್‌ನಲ್ಲಿ ಆ ಚೀಟಿಯನ್ನು ಜನ ತಮ್ಮ ಹಣೆಗೇ ಅಂಟಿಸಿಕೊಂಡರು. "ಡೆಲುಲು ಈಸ್ ದ ಸೊಲುಲು" ಓಡಾಡಿದ್ದು ಆಗಲೇ. ಭ್ರಮೆಯೇ ಪರಿಹಾರ, ಅಂದರೆ ಆಗುತ್ತೆ ಅಂತ ಸುಮ್ಮನೆ ನಂಬಿಕೊಂಡು ಹೋಗು, ಧೈರ್ಯವಾದರೂ ಬರುತ್ತೆ ಅಂತ.

ದಿನದ ಚಾಟ್‌ನಲ್ಲಿ ಅದು ಹೀಗೆ ಕಾಣಿಸುತ್ತದೆ:

> ಅವಳು: ಅವನು ನನ್ ಸ್ಟೋರಿನ ಎರಡೇ ನಿಮಿಷಕ್ಕೆ ನೋಡಿದಾನೆ
> ಗೆಳತಿ: ಸೋ?
> ಅವಳು: ಸೋ ಮದುವೆ ಡಿಸೆಂಬರ್‌ಗೆ ಇಟ್ಕೊಳ್ಳೋಣ ಅಂತ
> ಗೆಳತಿ: ಡೆಲುಲು 😭
> ಅವಳು: ಹೂ ಗೊತ್ತು, ಖುಷಿಯಾಗಿದೀನಿ ಬಿಡು

ಎರಡು ನಿಮಿಷಕ್ಕೆ ನೋಡಿದ ಅಂದರೆ ಆಗ ಅವನ ಕೈಯಲ್ಲಿ ಫೋನ್ ಇತ್ತು ಅಂತಷ್ಟೇ. ಅದು ಅವಳಿಗೂ ಗೊತ್ತು. "ಹೂ ಗೊತ್ತು" ಎಂಬ ಆ ಮಾತು ಇದ್ದರೆ ತಮಾಷೆ. ಅದು ಇಲ್ಲದೆ, ಅವನು ಇನ್ನೊಬ್ಬಳ ಜೊತೆ ಮಾತಾಡಿದ್ದಕ್ಕೆ ಅವಳು ಜಗಳಕ್ಕೆ ಹೋದರೆ, ಅಲ್ಲಿ ಗೆಳತಿ ತಮಾಷೆ ನಿಲ್ಲಿಸಿ ಕೂರಿಸಿಕೊಂಡು ಮಾತಾಡಬೇಕು.

---

ಲಾಸ್ಟ್‌ಬೆಂಚ್

ಎಲ್ಲಾ ಸರಿ, ಆದರೆ ಡೆಲುಲು ಹಳೇದಾಯಿತು. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಅಲ್ಬನೀಸ್ ಸಂಸತ್ತಿನಲ್ಲೇ ವಿರೋಧ ಪಕ್ಷದವರಿಗೆ "ಡೆಲುಲು ವಿತ್ ನೋ ಸೊಲುಲು" ಅಂದುಬಿಟ್ಟರು. ಪಾಡ್‌ಕಾಸ್ಟ್‌ನವರು ಸವಾಲು ಹಾಕಿದ್ದರಂತೆ. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂಬ್ರಿಡ್ಜ್ ನಿಘಂಟಿಗೂ ಸೇರಿತು. ಪ್ರಧಾನಿ ಬಳಸಿದ ಮೇಲೆ ಇನ್ನೇನು ಉಳೀತು? ನಮ್ಮ ಗುಂಪಿನಲ್ಲಿ ಈಗ ಅದನ್ನು ಹೇಳುವುದೇ ನಗಿಸೋಕೆ, ದೊಡ್ಡವರ ಥರ ನಟಿಸೋಕೆ.

---

ನಿದ್ದೆಗೇಡಿ

ನೋಡಿ, ಪ್ರಧಾನಿ ಬಳಸಿದ್ದು ಮತ್ತೆ ಹಳೇ ರೀತಿಯಲ್ಲಿ. ಬೇರೆಯವರ ಹಣೆಗೆ ಅಂಟಿಸಿದರು. ಚುಚ್ಚುಮಾತಾಗಿ ಹುಟ್ಟಿದ್ದು ಒಂದು ಸುತ್ತು ಹಾಕಿ ಚುಚ್ಚುಮಾತಾಗಿಯೇ ಬಂತು. ಹಳೇದಾಯಿತು ಅನ್ನುವುದು ನಿನ್ನ ಗುಂಪಿನ ಲೆಕ್ಕ ಮರಿ. ಸಂಜೆಮಲ್ಲಿಗೆ ಅವರ ಆಫೀಸಿನಲ್ಲಿ ಅದು ಇನ್ನೂ ಬದುಕಿದೆ.

ಸಂಜೆಮಲ್ಲಿಗೆ, ಈಗ ನಿಮ್ಮ ಚಾಟ್‌ನಲ್ಲಿ ನನಗೆ ಮುಖ್ಯ ಅನ್ನಿಸಿದ ಸಾಲಿಗೆ ಬರುತ್ತೇನೆ. ನೀವು ಮೇನ್ ಕ್ಯಾರೆಕ್ಟರ್ ಬಗ್ಗೆ ತಲೆ ಕೆಡಿಸಿಕೊಂಡಿರಿ. ನಾನಾಗಿದ್ದರೆ ಈ ಸಾಲನ್ನು ಮತ್ತೆ ಓದುತ್ತಿದ್ದೆ: "ಶುಕ್ರವಾರ ರಜೆ ಸಿಗುತ್ತೆ ಅಂದ್ಕೊಂಡಿದೀನಿ. ನಾನು ಡೆಲುಲು."

ಅವಳಿಗೆ ನಿಜವಾಗಿಯೂ ರಜೆ ಬೇಕಿರಬಹುದು. ನೇರವಾಗಿ ಕೇಳಿ ನೀವು ಇಲ್ಲ ಅಂದರೆ ಮುಖಭಂಗ. ಅದಕ್ಕೆ ಕೇಳಿಯೂ ಕೇಳದ ಹಾಗೆ ಕೇಳಿದ್ದಾಳೆ. ನೀವು ಸುಮ್ಮನಿದ್ದರೆ ಅದು ತಮಾಷೆ. ನೀವು ಹೂ ಅಂದರೆ ರಜೆ. ತನ್ನ ಮೇಲೆ ಹಾಕಿಕೊಂಡ ಡೆಲುಲು ಮಾಡುವ ದೊಡ್ಡ ಕೆಲಸವೇ ಇದು. ಕೇಳಲು ಸಂಕೋಚವಾಗುವುದನ್ನು ಇದರ ಮರೆಯಲ್ಲಿ ಇಟ್ಟು ಕೇಳುತ್ತಾರೆ. "ಈ ಕೆಲಸಕ್ಕೆ ಅರ್ಜಿ ಹಾಕಿದೀನಿ, ಡೆಲುಲು ನಾನು" ಅನ್ನುವವನಿಗೂ ಆ ಕೆಲಸ ಬೇಕೇ ಬೇಕು.

---

ಸಂಜೆಮಲ್ಲಿಗೆ

ಇದು ಹೊಳೆದಿರಲಿಲ್ಲ. ಅವಳು ಯಾವತ್ತೂ ಬಾಯಿಬಿಟ್ಟು ರಜೆ ಕೇಳಿದವಳಲ್ಲ.

ಇನ್ನೊಂದು ಕೇಳಿಬಿಡುತ್ತೇನೆ. ಉತ್ತರ ಕೊಡುವಾಗ ನಾನೂ ಇದೇ ಭಾಷೆ ಬಳಸಲಾ? "ಹೌದಮ್ಮಾ, ನೀನು ಡೆಲುಲು" ಅಂತ ನಗೆಮುಖ ಹಾಕಿ ಕಳಿಸೋಣ ಅಂತ ಬೆರಳು ತುದಿಯವರೆಗೂ ಬಂದಿತ್ತು.

---

ಲಾಸ್ಟ್‌ಬೆಂಚ್

ಬೇಡ ಮೇಡಂ ಬೇಡ 😭 ಆ ಗ್ರೂಪ್ ಅವತ್ತೇ ಸತ್ತುಹೋಗುತ್ತೆ. ಹೊಸ ಗ್ರೂಪ್ ಮಾಡ್ಕೋತಾರೆ, ನೀವಿರಲ್ಲ ಅದರಲ್ಲಿ.

---

ನಿದ್ದೆಗೇಡಿ

ಲಾಸ್ಟ್‌ಬೆಂಚ್ ಹೇಳಿದ್ದು ಸರಿ, ಕಾರಣ ಮಾತ್ರ ಬೇರೆ. ದೊಡ್ಡವರು ಬಳಸಿದರೆ ನಗೆಪಾಟಲು ಅನ್ನುವುದು ಚಿಕ್ಕ ವಿಷಯ. ಅವಳು ತನ್ನ ಮೇಲೆ ಹಾಕಿಕೊಂಡ ಮಾತನ್ನು ನೀವು ಅವಳ ಮೇಲೆ ಹಾಕಿದರೆ ತಮಾಷೆ ಹೋಗಿ ಉತ್ತರವಾಗುತ್ತದೆ. ಅದೂ ರಜೆ ಕೊಡಬೇಕಾದವರ ಬಾಯಿಂದ. "ನೀನು ಡೆಲುಲು" ಅಂದರೆ "ರಜೆ ಇಲ್ಲ, ಕೇಳಿದ್ದೇ ತಪ್ಪು" ಅಂತ ಓದುತ್ತಾಳೆ. ಸಮಾನರ ನಡುವೆ ನಡೆಯುವ ಗೇಲಿ ಮೇಲಿನಿಂದ ಕೆಳಗೆ ಬಂದರೆ ಭಾರ ಜಾಸ್ತಿ.

ನೀವು ನಿಮ್ಮ ಮೇಲೆ ಹಾಕಿಕೊಂಡರೆ ಪರವಾಗಿಲ್ಲ. "ಆ ಸರ್ ನಾಳೆ ಬಂದು ಸಾರಿ ಕೇಳ್ತಾರೆ ಅಂದ್ಕೊಂಡಿದೀನಿ, ಡೆಲುಲು ಅಂದ್ರೆ ಇದೇನಾ?" ಅಂತ ಕೇಳಿದರೆ ಖುಷಿಪಡುತ್ತಾರೆ.

---

ಮೇಷ್ಟ್ರು_ನಿವೃತ್ತ

ನನ್ನ ಅಭಿಪ್ರಾಯ ಬೇರೆ. ನಮ್ಮ ಭಾಷೆಯಲ್ಲೇ ಉತ್ತರ ಕೊಡುವುದು ಗೌರವ. ನಾನು ಪಾಠ ಮಾಡುವಾಗ ಮಕ್ಕಳ ಮಾತನ್ನು ತಿಳಿದುಕೊಳ್ಳುತ್ತಿದ್ದೆ, ಆಡುತ್ತಿರಲಿಲ್ಲ. ಅವರಿಗೆ ಅವರದೇ ಆದ ಒಂದು ಮೂಲೆ ಬೇಕು. ಅಲ್ಲಿಗೂ ನಾವು ನುಗ್ಗಬಾರದು.

---

ನಿದ್ದೆಗೇಡಿ

ಅದೂ ನ್ಯಾಯವೇ. ಇದರಲ್ಲಿ ಸರಿ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

---

ಕಿಟಕಿ_ಪಕ್ಕದವಳು

ನನಗೆ ಒಂದು ವಿಷಯ ಹೇಳಬೇಕು. ಡೆಲುಲು ಎಲ್ಲರೂ ನಗುತ್ತಾ ಬರೆಯುತ್ತಿದ್ದೀರಿ, ನನಗೆ ಆ ಪದ ಕಂಡರೆ ಆಗುವುದಿಲ್ಲ.

ಹಿಂದಿನ ಕೆಲಸದಲ್ಲಿ ನಾನು ಸಣ್ಣ ಮೀಟಿಂಗ್‌ಗಳಲ್ಲಿ ಹೇಳಿದ ವಿಚಾರಗಳು ಮುಂದಿನ ದೊಡ್ಡ ಮೀಟಿಂಗ್‌ನಲ್ಲಿ ಬೇರೊಬ್ಬರ ಹೆಸರಿನಲ್ಲಿ ಬರುತ್ತಿದ್ದವು. ಒಂದೆರಡು ಸಲ ಆದಾಗ ಸುಮ್ಮನಿದ್ದೆ. ಆಮೇಲೆ ಅಲ್ಲೇ ಕೆಲಸ ಮಾಡುತ್ತಿದ್ದ ಗೆಳತಿಗೆ ಬರೆದೆ:

> ನಾನು: ನನ್ ಐಡಿಯಾಗಳನ್ನ ಬೇಕಂತಲೇ ತಗೋತಿದಾರೆ ಅನ್ಸುತ್ತೆ
> ಗೆಳತಿ: ಡೆಲುಲು ಆಗ್ಬೇಡ ಕಣೇ 😂 ಅವರಿಗೆ ನಿನ್ ಹೆಸರೂ ಗೊತ್ತಿಲ್ಲ

ಅವಳು ತಮಾಷೆಗೇ ಹೇಳಿದ್ದು. ಆದರೆ ಆಮೇಲೆ ಎಷ್ಟೋ ದಿನ ನನಗೆ ನನ್ನ ಮೇಲೇ ಅನುಮಾನ. ನಾನೇ ಕಲ್ಪಿಸಿಕೊಂಡೆನಾ ಅಂತ. ಕೊನೆಗೆ ಮೀಟಿಂಗ್ ಆದ ತಕ್ಷಣ "ಇವತ್ತು ನಾನು ಹೇಳಿದ್ದು ಇದು" ಅಂತ ಎಲ್ಲರಿಗೂ ಮೇಲ್ ಹಾಕಲು ಶುರು ಮಾಡಿದೆ. ವಿಚಾರ ಕಾಣೆಯಾಗುವುದು ನಿಂತಿತು. ಅಂದರೆ ಅದು ನಿಜವೇ ಆಗಿತ್ತು.

ಸಂಜೆಮಲ್ಲಿಗೆ, ನಿಮ್ಮಂಥವರು ಒಬ್ಬರು ಅಲ್ಲಿ ಇದ್ದಿದ್ದರೆ ಎಂದುಕೊಂಡೆ.

---

ಲಾಸ್ಟ್‌ಬೆಂಚ್

ಅಕ್ಕಾ, ನಿಮ್ಮ ಗೆಳತಿಗೆ ಅದು ನಿಮ್ಮ ಮನಸ್ಸಿಗೆ ತಾಗುತ್ತೆ ಅಂತ ಗೊತ್ತಾಗಿರಲಿಕ್ಕಿಲ್ಲ. ನಾವು ದಿನಕ್ಕೆ ಹತ್ತು ಸಲ ಹೇಳ್ತೀವಿ. ಯಾರೂ ಅಷ್ಟು ಸೀರಿಯಸ್ ಆಗಿ ತಗೊಳ್ಳಲ್ಲ.

---

ಕಿಟಕಿ_ಪಕ್ಕದವಳು

ಯಾರೂ ತಗೊಳ್ಳಲ್ಲ ಅಂತ ನಿನಗೆ ಹೇಗೆ ಗೊತ್ತು? ತಗೊಂಡವರು 😂 ಹಾಕಿ ಸುಮ್ಮನಾಗಿರುತ್ತಾರೆ. ನಾನೂ ಅದನ್ನೇ ಮಾಡಿದ್ದು.

---

ನಿದ್ದೆಗೇಡಿ

ಈ ಮಾತಿನಲ್ಲಿ ನಿಜವಾಗಿ ಜೋಪಾನವಾಗಿರಬೇಕಾದ ಜಾಗ ಇದೇ ಅಂತ ನನಗೂ ಅನ್ನಿಸುತ್ತದೆ. ಆಸೆಗೆ ಡೆಲುಲು ಅಂದರೆ ಯಾರಿಗೂ ಏನೂ ಆಗುವುದಿಲ್ಲ. ಅನುಮಾನಕ್ಕೋ ಭಯಕ್ಕೋ ಅಂದರೆ, ಅವರು ಹೇಳುವುದನ್ನು ಕೇಳುವ ಮೊದಲೇ ಬಾಗಿಲು ಹಾಕಿದಂತೆ. "ಅವನು ನನ್ನನ್ನು ಇಷ್ಟಪಡುತ್ತಾನೆ" ಎನ್ನುವವಳಿಗೆ ಹೇಳಿ, ನಗುತ್ತಾಳೆ. "ಯಾರೋ ದಿನಾ ನನ್ನ ಹಿಂದೆ ಬರ್ತಿದಾರೆ ಅನ್ಸುತ್ತೆ" ಎನ್ನುವವಳಿಗೆ ಹೇಳಲೇಬಾರದು. ಅದು ನಿಜವಾಗಿದ್ದರೆ ಅವಳಿಗೆ ಸಹಾಯ ಬೇಕು. ನಿಜವಲ್ಲದಿದ್ದರೆ ಮೇಷ್ಟ್ರು ಹೇಳಿದ ಆ ಕಾಯಿಲೆಯ ಶುರುವೂ ಇರಬಹುದು, ಆಗಲೂ ಸಹಾಯ ಬೇಕು.

---

ಮೇಷ್ಟ್ರು_ನಿವೃತ್ತ

ನನ್ನ ತಕರಾರು ಇದೇ ಆಗಿತ್ತು. ನನಗೆ ಇಷ್ಟು ಚೆನ್ನಾಗಿ ಹೇಳಲು ಬರಲಿಲ್ಲ.

---

ಬಾಡಿಗೆದಾರ

ಎಲ್ಲಾ ಓದಿದೆ. ಹಾಗಾದರೆ ನಮ್ಮ ಓನರ್ ನನ್ನ ತಲೆಯಲ್ಲಿ ರೆಂಟ್ ಫ್ರೀ, ನಾನು ಅಡ್ವಾನ್ಸ್ ವಾಪಸ್ ಬರುತ್ತೆ ಅನ್ನುವ ಡೆಲುಲು. ಸರಿ ತಾನೇ?

---

ಲಾಸ್ಟ್‌ಬೆಂಚ್

ಅಣ್ಣಾ, ನೂರಕ್ಕೆ ನೂರು 💀

---

ನಿದ್ದೆಗೇಡಿ

ಮೊದಲನೆಯದು ಸರಿ. ಎರಡನೆಯದು ತಪ್ಪು. ಕರಾರು ಪತ್ರ ಇದೆ ಅಂದಿರಲ್ಲ, ಬರಬೇಕಾದ ದುಡ್ಡು ಕೇಳುವುದು ಡೆಲುಲು ಅಲ್ಲ. ಲಿಖಿತದಲ್ಲಿ ಕೇಳಿ, ಹೊಸ ಚರ್ಚೆ ಶುರು ಮಾಡಿ, ವಕೀಲರು ಯಾರಾದರೂ ಸಿಗುತ್ತಾರೆ.

---

ಸಂಜೆಮಲ್ಲಿಗೆ

ಗ್ರೂಪಿನಲ್ಲಿ ಹೀಗೆ ಬರೆದೆ: "ಕೆಲಸ ನಿಮ್ಮದು, ಹೆಸರೂ ನಿಮ್ಮದೇ ಇರಬೇಕು. ಶುಕ್ರವಾರದ ರಜೆ ಬೇಕಿದ್ದವರು ಇವತ್ತೇ ಅರ್ಜಿ ಹಾಕಿ, ನೋಡುತ್ತೇನೆ." ಮೇಷ್ಟ್ರ ಮಾತಿನಂತೆ ನನ್ನ ಭಾಷೆಯಲ್ಲೇ. ಐದು ನಿಮಿಷದಲ್ಲಿ ಅವಳ ಅರ್ಜಿ ಬಂತು. ಗ್ರೂಪಿನಲ್ಲಿ ಹುಡುಗ ಬರೆದಿದ್ದಾನೆ:

> ಅವಳ ಡೆಲುಲು ಟ್ರುಲುಲು ಆಯ್ತು 😭😭😭

ಇದು ನಿಜವಾಯಿತು ಅಂತ ತಾನೇ? ಆದರೆ ಇನ್ನೊಬ್ಬ ಮಾತ್ರ ಏನೂ ಬರೆದಿಲ್ಲ, ಬರೀ 🙂 ಹಾಕಿದ್ದಾನೆ. ನಿದ್ದೆಗೇಡಿ ಅವರು ಅದಕ್ಕೆ ಹೆದರಬೇಕು ಅಂದಿದ್ದರು.

---

ನಿದ್ದೆಗೇಡಿ

ಟ್ರುಲುಲು ಸರಿ. 🙂 ಬಗ್ಗೆ ಇಲ್ಲಿಂದ ಹೇಳಲಾಗುವುದಿಲ್ಲ. ಅವನು ಯಾವಾಗಲೂ ಅದನ್ನೇ ಹಾಕುವವನಾ ಅಂತ ಹಳೇ ಚಾಟ್ ನೋಡಿ. ಹೊಸದಾಗಿದ್ದರೆ, ಅವನಿಗೂ ಶುಕ್ರವಾರವೇ ರಜೆ ಬೇಕಿತ್ತೇನೋ, ಕೇಳಿ.

---

ಲಾಸ್ಟ್‌ಬೆಂಚ್

ಅಥವಾ ಅವನಿಗೆ 🙂 ಅಂದರೆ ಸುಮ್ನೆ ನಗು ಅಷ್ಟೇ ಇರಬಹುದು. ಅಂಥವರೂ ಇದ್ದಾರೆ.